ಕಪ್ಪು ಅಕ್ಷರಕ್ಕೆ ನಾಲ್ಕು ಪ್ಲೇಟ್: ತುಮಕೂರಿನ ಒಂದು ಪುಸ್ತಕದ ಪ್ರಿಂಟ್ ಪಿಡಿಎಫ್

ತುಮಕೂರಿನ ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರೊಬ್ಬರು ದೇವರಾಯನದುರ್ಗದ ಕಾಡಿನ ಗಿಡಮರಗಳ ಬಗ್ಗೆ ಬರೆದ ಪುಸ್ತಕದ ಪ್ರಕರಣ ಇದು. ಒಟ್ಟು 96 ಪುಟ, ಡೆಮಿ 1/8 ಅಳತೆ. ಕತ್ತರಿಸಿದ ಮೇಲೆ 140 × 215 ಮಿಲಿಮೀಟರ್ ಇರಬೇಕು ಅಂತ ಪ್ರೆಸ್‌ನವರು ಹೇಳಿದ್ದರು. 80 ಪುಟ ಬರೀ ಕಪ್ಪು ಇಂಕಿನಲ್ಲಿ, 80 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ ಮೇಲೆ. ನಡುವೆ 49ರಿಂದ 64ರವರೆಗೆ 16 ಪುಟ ಬಣ್ಣದ ಫೋಟೋ, 130 ಜಿಎಸ್‌ಎಂ ಆರ್ಟ್ ಪೇಪರ್ ಮೇಲೆ. ಕವರ್‌ಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್. 1000 ಪ್ರತಿ, ಆಫ್‌ಸೆಟ್ ಮುದ್ರಣ, ಪರ್ಫೆಕ್ಟ್ ಬೈಂಡಿಂಗ್.

ಮೇಷ್ಟ್ರು ಲಿಬ್ರೆ ಆಫೀಸ್ ರೈಟರ್‌ನಲ್ಲಿ ತಾವೇ ಟೈಪ್ ಮಾಡಿ ಪುಟ ಕಟ್ಟಿದ್ದರು. ಪ್ರೆಸ್‌ನವರು ಸಿಎಂವೈಕೆ, ಅಂದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕಿನ ಲೆಕ್ಕದಲ್ಲಿರುವ ಪಿಡಿಎಫ್ ಬೇಕು ಅಂದಾಗ ಪರಿಚಯದ ಹುಡುಗನೊಬ್ಬ ಒಂದು ಕಮಾಂಡ್ ಓಡಿಸಿ ಇಡೀ ಫೈಲನ್ನು ಬದಲಾಯಿಸಿಕೊಟ್ಟಿದ್ದ. ಎ4 ಹಾಳೆಯ ಮೇಲೆ ಡಿಜಿಟಲ್ ಪ್ರೂಫ್ ತೆಗೆದು ನೋಡಿದ್ದರು. ಚೆನ್ನಾಗೇ ಬಂದಿತ್ತು. ಆದರೆ ಪ್ಲೇಟ್ ಮಾಡುವ ಹೊತ್ತಿಗೆ ಪ್ರೆಸ್‌ನ ಹುಡುಗ ಫೋನ್ ಮಾಡಿದ: “ಸಾರ್, ಕಪ್ಪು ಪುಟ ಅಂತ ಹೇಳಿದ್ರಿ. ಸಯಾನ್ ಪ್ಲೇಟ್‌ನಲ್ಲೂ ಅಕ್ಷರ ಕಾಣ್ತಾ ಇದೆ. ಎಲ್ಲಾ ಪುಟನೂ ನಾಲ್ಕು ಕಲರ್ ಅಂತ ತೋರಿಸ್ತಾ ಇದೆ.” ಮೇಷ್ಟ್ರು ಪೆನ್‌ಡ್ರೈವ್ ಹಿಡಿದು ನನ್ನ ಹತ್ತಿರ ಬಂದದ್ದು ಆಗ.

ಆ ಹುಡುಗ ಹೇಳಿದ ಮಾತಿನ ಬೆಲೆ ಮೊದಲು ಅರ್ಥ ಆಗಬೇಕು. 16 ಪುಟಕ್ಕೆ ಒಂದು ಫಾರಂ ಅಂದರೆ ಈ ಪುಸ್ತಕಕ್ಕೆ ಆರು ಫಾರಂ. ಪ್ರತಿ ಫಾರಂಗೆ ಎರಡು ಬದಿ. ಒಂದು ಬದಿಗೆ ಇಂಕ್ ಎಷ್ಟೋ ಅಷ್ಟು ಪ್ಲೇಟ್. ಕಪ್ಪಿನ ಐದು ಫಾರಂಗೆ 10 ಪ್ಲೇಟ್, ಬಣ್ಣದ ಒಂದು ಫಾರಂಗೆ 8, ಒಟ್ಟು 18 ಸಾಕು. ಬಂದ ಫೈಲನ್ನು ಹಾಗೇ ಓಡಿಸಿದ್ದರೆ 48 ಪ್ಲೇಟ್ ಆಗುತ್ತಿತ್ತು. ದುಡ್ಡು ಒಂದು ಕಡೆ ಇರಲಿ. ಅಷ್ಟು ಖರ್ಚು ಮಾಡಿದರೂ ಅಕ್ಷರ ಮಸುಕಾಗಿಯೇ ಬರುತ್ತಿತ್ತು. ನನಗೆ ಜಾಸ್ತಿ ಚಿಂತೆ ಅದರದ್ದೇ.

ಯಾಕೆ ಹೀಗಾಯಿತು? ಲಿಬ್ರೆ ಆಫೀಸ್ ಕೊಡುವ ಪಿಡಿಎಫ್‌ನಲ್ಲಿ ಬಣ್ಣಗಳೆಲ್ಲ ಆರ್‌ಜಿಬಿ. ಅಲ್ಲಿ ಕಪ್ಪು ಅಂದರೆ ಕೆಂಪು, ಹಸಿರು, ನೀಲಿ ಮೂರೂ ಸೊನ್ನೆ. ಪರದೆಯಲ್ಲಿ ಬೆಳಕೇ ಇಲ್ಲ ಅಂತ ಅರ್ಥ. ಅದನ್ನು ಸಿಎಂವೈಕೆಗೆ ಬದಲಾಯಿಸುವ ಸಾಫ್ಟ್‌ವೇರ್‌ಗೆ ಅದು ಅಕ್ಷರವೋ, ಫೋಟೋದ ನೆರಳೋ ಗೊತ್ತಿರುವುದಿಲ್ಲ. ಅದು ನೋಡುವುದು ಇಷ್ಟೇ: ಇದು ಅತಿ ಕಡು ಬಣ್ಣ, ಹಾಗಾಗಿ ಮೆಷಿನ್‌ನಲ್ಲಿ ಸಾಧ್ಯವಾಗುವ ಅತಿ ಕಡು ಬಣ್ಣ ಕೊಡೋಣ. ಆ ಕಡು ಬಣ್ಣ ಬರುವುದು ನಾಲ್ಕೂ ಇಂಕ್ ಸೇರಿದಾಗ. ಫೋಟೋಶಾಪ್‌ನಲ್ಲಿ ಬಹಳ ಕಡೆ ಡೀಫಾಲ್ಟ್ ಆಗಿ ಕೂತಿರುವ, ಬಣ್ಣ ಬದಲಾಯಿಸುವ ಸ್ವಾಪ್ ಪ್ರೊಫೈಲ್‌ನಲ್ಲಿ ಆರ್‌ಜಿಬಿ ಕಪ್ಪು ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಕೂಡಿದರೆ 300. ನೆರಳಿರುವ ಫೋಟೋಗೆ ಇದು ಸರಿ. 11 ಪಾಯಿಂಟ್ ಕನ್ನಡ ಅಕ್ಷರಕ್ಕೆ ಇದು ವಿಷ.

ಇದರಿಂದ ಎರಡು ತೊಂದರೆ. ಮೊದಲನೆಯದು ಹೊಂದಾಣಿಕೆ. ನಾಲ್ಕು ಪ್ಲೇಟ್‌ಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಆಫ್‌ಸೆಟ್‌ನಲ್ಲಿ ನೀರೂ ಇರುವುದರಿಂದ ಕಾಗದ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸ್ವಲ್ಪ ಹಿಗ್ಗುತ್ತದೆ. 0.1 ಮಿಲಿಮೀಟರ್ ಆಚೀಚೆ ಆಗುವುದು ಒಳ್ಳೆ ಮೆಷಿನ್‌ನಲ್ಲೂ ಇದ್ದದ್ದೇ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. ಆದರೆ ‘ಸ್ತ್ರ’, ‘ಕ್ಷ್ಮ’ ತರಹದ ಅಕ್ಷರದ ಕೆಳಗಿನ ಒತ್ತುಗಳನ್ನು ನೋಡಿ. ಗೆರೆ ಎಷ್ಟು ತೆಳು, ಗೆರೆಗಳ ನಡುವಿನ ಬಿಳಿ ಜಾಗ ಎಷ್ಟು ಚಿಕ್ಕದು! ಅಲ್ಲಿ ಪ್ಲೇಟ್ ಸ್ವಲ್ಪ ಸರಿದರೂ ಅಂಚಿಗೆ ಗುಲಾಬಿ, ನೀಲಿ ನೆರಳು ಅಂಟಿಕೊಳ್ಳುತ್ತದೆ. ಒತ್ತಿನ ಒಳಗಿನ ಬಿಳಿ ತುಂಬಿಹೋಗುತ್ತದೆ.

ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಕಪ್ಪು 100 ಇದ್ದರೆ ಪ್ಲೇಟ್ ಮೇಲೆ ಅಕ್ಷರ ಗಟ್ಟಿಯಾಗಿ, ಚೂಪಾದ ಅಂಚಿನಿಂದ ಬೀಳುತ್ತದೆ. ಕಪ್ಪು 90 ಇದ್ದರೆ ಅದು ಚುಕ್ಕಿಗಳಾಗಿ ಒಡೆಯುತ್ತದೆ. ಅಂದರೆ ಪ್ಲೇಟ್‌ಗಳು ಸ್ವಲ್ಪವೂ ಸರಿಯದಿದ್ದರೂ ಅಕ್ಷರದ ಅಂಚು ಗರಗಸದ ಹಾಗೆ ಬರುತ್ತದೆ. ಬರೀ ಕಪ್ಪು ಪ್ಲೇಟ್ ಇಟ್ಟುಕೊಂಡು ಉಳಿದ ಮೂರನ್ನು ಬಿಟ್ಟುಬಿಡೋಣ ಅಂದರೂ ಪೂರ್ತಿ ಸರಿಹೋಗದಿರುವುದು ಇದಕ್ಕೇ. ಫೈಲ್‌ನಲ್ಲೇ ಅಕ್ಷರ ಸಯಾನ್ 0, ಮೆಜೆಂಟಾ 0, ಹಳದಿ 0, ಕಪ್ಪು 100 ಆಗಿರಬೇಕು.

ಹಾಗಾದರೆ ಪ್ರೂಫ್ ಯಾಕೆ ಚೆನ್ನಾಗಿ ಬಂತು? ಡಿಜಿಟಲ್ ಮೆಷಿನ್‌ನಲ್ಲಿ ನೀರಿಲ್ಲ, ಬಣ್ಣಗಳು ಸರಿಯುವುದು ಕಮ್ಮಿ. ಬದಲಾಯಿಸುವ ಮುಂಚಿನ ಆರ್‌ಜಿಬಿ ಫೈಲ್ ಕೊಟ್ಟರಂತೂ ಕಪ್ಪು ಅಕ್ಷರವನ್ನು ಬರೀ ಕಪ್ಪು ಟೋನರ್‌ನಲ್ಲಿ ಹಾಕುವ ಸೆಟ್ಟಿಂಗ್ ಬಹಳಷ್ಟು ಮೆಷಿನ್‌ಗಳಲ್ಲಿ ಇರುತ್ತದೆ. ಆದ್ದರಿಂದ ಪುಟದ ಜೋಡಣೆ, ಕಾಗುಣಿತ, ಫೋಟೋ ಜಾಗ ನೋಡಲು ಆ ಪ್ರೂಫ್ ಸಾಕು. ಆಫ್‌ಸೆಟ್‌ನಲ್ಲಿ ಅಕ್ಷರ ಹೇಗೆ ಬರುತ್ತದೆ ಅಂತ ಅದು ಹೇಳುವುದಿಲ್ಲ.

ಹೇಳುವುದು ಇಂಕ್ ಲೆಕ್ಕ. ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಒಂದು ಸಾಲಿನ ಕಮಾಂಡ್ ಇದೆ. ದುಡ್ಡು ಕೊಡಬೇಕಾಗಿಲ್ಲ.

```
gs -q -o - -sDEVICE=inkcov kadu.pdf
```

ಇದು ಪುಟಕ್ಕೊಂದು ಸಾಲು ಬರೆಯುತ್ತದೆ. ಪುಟದ ಎಷ್ಟು ಭಾಗದ ಮೇಲೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಬಿದ್ದಿದೆ ಅಂತ ಅದೇ ಕ್ರಮದಲ್ಲಿ ತೋರಿಸುತ್ತದೆ. ಮೇಷ್ಟ್ರ ಫೈಲ್‌ನ ಒಂದು ಪುಟದಲ್ಲಿ ಬಂದದ್ದು ಹೀಗೆ:

```
 0.06214  0.06214  0.06214  0.06214 CMYK OK
```

ನಾಲ್ಕೂ ಸಂಖ್ಯೆ ಒಂದೇ. ಅಂದರೆ ಕಪ್ಪು ಬಿದ್ದ ಕಡೆಯೆಲ್ಲ ಉಳಿದ ಮೂರೂ ಬಿದ್ದಿವೆ. ಸಾಲಿನ ಕೊನೆಯ `OK` ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಅದು ಲೆಕ್ಕ ಮುಗಿಯಿತು ಅನ್ನುವುದಷ್ಟೇ. ಕಪ್ಪು ಪುಟದಲ್ಲಿ ಮೊದಲ ಮೂರು ಸೊನ್ನೆ ಇರಬೇಕು. ಈ ಫೈಲ್‌ನ 96 ಸಾಲಿನಲ್ಲಿ ಒಂದರಲ್ಲೂ ಹಾಗಿರಲಿಲ್ಲ.

ತಯಾರಾದ ಪಿಡಿಎಫ್‌ಗೆ ಮತ್ತೆ ಮದ್ದು ಹಾಕುವುದು ನನಗೆ ಇಷ್ಟವಿಲ್ಲ. ಅಕ್ರೊಬ್ಯಾಟ್ ಪ್ರೊನಲ್ಲಿ ಅಕ್ಷರದ ಬಣ್ಣ ಬದಲಾಯಿಸಬಹುದು, ನಿಜ. ಆದರೆ ಈ ಫೈಲ್‌ನಲ್ಲಿ ಬ್ಲೀಡ್, ಅಂದರೆ ಪುಟದ ಅಂಚಿನಾಚೆಗೆ ಚಾಚಿದ ಚಿತ್ರ ಇರಲಿಲ್ಲ, ಎಲ್ಲಿ ಕತ್ತರಿಸಬೇಕು ಅಂತ ಹೇಳುವ ಟ್ರಿಮ್ ಗುರುತೂ ಸರಿಯಿರಲಿಲ್ಲ. ಅದಕ್ಕೇ ಮೂಲದ ಪಠ್ಯ ತೆಗೆದುಕೊಂಡು ಸ್ಕ್ರೈಬಸ್ 1.6ರಲ್ಲಿ ಹೊಸದಾಗಿ ಪುಟ ಕಟ್ಟಿದೆ. ಸ್ಕ್ರೈಬಸ್‌ನ ಹಳೆಯ 1.4 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರುತ್ತಿತ್ತು. 1.6ರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡುತ್ತದೆ. ಅಕ್ಷರಕ್ಕೆ ನೋಟೊ ಸೆರಿಫ್ ಕನ್ನಡ, ಬಣ್ಣದ ಪಟ್ಟಿಯಲ್ಲಿರುವ `Black`. ಆ ಬಣ್ಣವನ್ನು ತೆರೆದು ಸಿಎಂವೈಕೆ 0, 0, 0, 100 ಇದೆ ಅಂತ ಕಣ್ಣಾರೆ ನೋಡಿಕೊಂಡೇ ಮುಂದುವರಿದೆ.

ಈಗ ಬ್ಲೀಡ್. ಬಣ್ಣದ 16 ಪುಟದಲ್ಲಿ ಹೆಚ್ಚಿನ ಫೋಟೋ ಪುಟದ ಅಂಚಿನ ತನಕ ಹೋಗುತ್ತವೆ. ಬೈಂಡಿಂಗ್‌ನಲ್ಲಿ ಪುಸ್ತಕಗಳನ್ನು ಅಟ್ಟಿ ಅಟ್ಟಿಯಾಗಿ ಇಟ್ಟು ಕತ್ತರಿಸುತ್ತಾರೆ. ಬ್ಲೇಡ್ ಒಂದು ಮಿಲಿಮೀಟರ್ ಆಚೆ ಹೋಯಿತು ಅನ್ನಿ, ಫೋಟೋ ಸರಿಯಾಗಿ ಅಂಚಿಗೇ ನಿಂತಿದ್ದರೆ ಅಲ್ಲಿ ಬಿಳಿ ಗೆರೆ ಉಳಿಯುತ್ತದೆ. ಕಡು ಹಸಿರು ಕಾಡಿನ ಫೋಟೋ ಪಕ್ಕದಲ್ಲಿ ಆ ಬಿಳಿ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ಫೋಟೋವನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಹೊರಗೆ ಎಳೆಯಬೇಕು. 140 × 215 ಪುಟ ಬ್ಲೀಡ್ ಸೇರಿ 146 × 221 ಆಗುತ್ತದೆ. ಬೆನ್ನಿನ ಕಡೆ ಬೇಡ ಅಲ್ವಾ ಅಂತ ಮೇಷ್ಟ್ರು ಕೇಳಿದರು. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಅಂಟು ಹಿಡಿಯಲಿ ಅಂತ ಬೆನ್ನಿನ ಮಡಿಕೆಯನ್ನೇ ಸವೆಸುತ್ತಾರೆ. ಆದ್ದರಿಂದ ಅಲ್ಲೂ ಬೇಕು.

ಬ್ಲೀಡ್ ಅಂದರೆ ಅಲ್ಲಿ ನಿಜವಾದ ಚಿತ್ರ ಇರಬೇಕು. ಬರೀ ಸೆಟ್ಟಿಂಗ್‌ನಲ್ಲಿ 3 ಅಂತ ಹಾಕಿದರೆ ಫೈಲ್‌ಗೆ ಜಾಗ ಬರುತ್ತದೆ, ಚಿತ್ರ ಬರುವುದಿಲ್ಲ. ಮೇಷ್ಟ್ರ ಹೆಚ್ಚಿನ ಫೋಟೋಗಳು ದೊಡ್ಡವೇ ಇದ್ದವು, ಚೌಕಟ್ಟು ಎಳೆದರೆ ಆಯಿತು. ಆದರೆ ಎರಡು ಮೂರು ಫೋಟೋಗಳನ್ನು ಸ್ಟುಡಿಯೋದವರು ಮೊದಲೇ ಸರಿಯಾಗಿ 140 × 215ಕ್ಕೆ, 300 ಪಿಪಿಐನಲ್ಲಿ ಕತ್ತರಿಸಿಕೊಟ್ಟಿದ್ದರು. ಮೂಲ ಸಿಗಲಿಲ್ಲ. ಅವುಗಳನ್ನು ಅಗಲಕ್ಕೆ ಸರಿಯಾಗಿ ಶೇಕಡ 104.3ಕ್ಕೆ ಹಿಗ್ಗಿಸಿದೆ. ಎತ್ತರದಲ್ಲಿ ಸ್ವಲ್ಪ ಮಿಕ್ಕಿ ಕತ್ತರಿಸಿಹೋಗುತ್ತದೆ, ಪಿಪಿಐ 288ರ ಹತ್ತಿರ ಇಳಿಯುತ್ತದೆ. ಆಫ್‌ಸೆಟ್‌ಗೆ ಅದು ಏನೇನೂ ತೊಂದರೆ ಅಲ್ಲ. ನೋಡಿಕೊಳ್ಳಬೇಕಾದ್ದು ಅಂಚಿನಲ್ಲಿರುವ ವಿಷಯ. ಒಂದು ಫೋಟೋದಲ್ಲಿ ಎಲೆಯ ತುದಿ ಅಂಚಿಗೆ ತಾಗುವಂತಿತ್ತು. ಅದು ಗಿಡ ಗುರುತಿಸಲು ಬೇಕಾದ ಭಾಗ. ಆ ಫೋಟೋವನ್ನು ಅಂಚಿಗೆ ತರದೆ, ಸುತ್ತ ಬಿಳಿ ಬಿಟ್ಟು ಒಳಗೇ ಕೂರಿಸಿದೆವು.

ಕ್ರಾಪ್ ಮಾರ್ಕ್ ವಿಷಯದಲ್ಲಿ ಹಳೆಯ ಫೈಲ್‌ನಲ್ಲಿದ್ದ ತಪ್ಪು ಬಹಳ ಕಡೆ ಕಾಣುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪುಟವನ್ನು 160 × 235 ಇಟ್ಟು, ಒಳಗೆ ಮೂಲೆ ಗೆರೆಗಳನ್ನು ಕೈಯಾರೆ ಎಳೆದಿದ್ದರು. ಕಣ್ಣಿಗೆ ಕ್ರಾಪ್ ಮಾರ್ಕ್ ತರಹವೇ ಕಾಣುತ್ತದೆ. ಆದರೆ ಪ್ರೆಸ್‌ನಲ್ಲಿ ಫಾರಂ ಜೋಡಿಸುವ ಸಾಫ್ಟ್‌ವೇರ್ ಗೆರೆ ನೋಡುವುದಿಲ್ಲ. ಅದು ಪಿಡಿಎಫ್ ಒಳಗಿನ ಟ್ರಿಮ್‌ಬಾಕ್ಸ್ ಎಂಬ ಅಳತೆಯನ್ನು ಓದುತ್ತದೆ. ಆ ಅಳತೆ ಇಲ್ಲದಿದ್ದರೆ ಇಡೀ ಹಾಳೆಯೇ ಪುಟ ಅಂದುಕೊಳ್ಳುತ್ತದೆ. ಇದನ್ನು ನೋಡಲು:

```
pdfinfo -box kadu.pdf
```

ಹಳೆಯ ಫೈಲ್‌ನಲ್ಲಿ ಮೀಡಿಯಾಬಾಕ್ಸ್, ಬ್ಲೀಡ್‌ಬಾಕ್ಸ್, ಟ್ರಿಮ್‌ಬಾಕ್ಸ್ ಎಲ್ಲವೂ 453.54 × 666.14 ಪಾಯಿಂಟ್, ಅಂದರೆ 160 × 235 ಮಿಲಿಮೀಟರ್. ಎಲ್ಲ ಬಾಕ್ಸ್ ಒಂದೇ ಇದ್ದರೆ ಆ ಫೈಲ್‌ನಲ್ಲಿ ಬ್ಲೀಡ್ ಗುರುತಾಗಿಲ್ಲ ಅಂತಲೇ ತಿಳಿಯಬೇಕು. ಕೈಯಾರೆ ಎಳೆದ ಗೆರೆಗೆ ಇನ್ನೊಂದು ಕೊರತೆಯೂ ಇದೆ. ಅದು ಬರೀ ಕಪ್ಪಿನಲ್ಲಿದ್ದರೆ ಕಪ್ಪು ಪ್ಲೇಟ್‌ನಲ್ಲಿ ಮಾತ್ರ ಬೀಳುತ್ತದೆ. ಸಾಫ್ಟ್‌ವೇರ್ ಹಾಕುವ ಮಾರ್ಕ್ ರಿಜಿಸ್ಟ್ರೇಷನ್ ಬಣ್ಣದಲ್ಲಿರುತ್ತದೆ, ನಾಲ್ಕೂ ಪ್ಲೇಟ್‌ನಲ್ಲಿ ಒಂದೇ ಜಾಗಕ್ಕೆ ಬೀಳುತ್ತದೆ. ಮೆಷಿನ್ ಮೇಲೆ ಪ್ಲೇಟ್ ಹೊಂದಿಸುವವರಿಗೆ ಬೇಕಾದ್ದು ಅದು.

ಸ್ಕ್ರೈಬಸ್‌ನಲ್ಲಿ ಪಿಡಿಎಫ್ ಮಾಡುವಾಗ `Pre-Press` ಪುಟದಲ್ಲಿ `Crop Marks` ಮತ್ತು `Use Document Bleeds` ಎರಡಕ್ಕೂ ಟಿಕ್ ಹಾಕಿದೆ. ಫೈಲ್ ಬಂದ ಮೇಲೆ ಮಾರ್ಕ್‌ನ ತುದಿ ಬ್ಲೀಡ್ ಚಿತ್ರದ ಹೊರಗೇ ನಿಂತಿದೆಯಾ ಅಂತ ದೊಡ್ಡದು ಮಾಡಿ ನೋಡಬೇಕು. ಇನ್‌ಡಿಸೈನ್ ಬಳಸುವವರು ಇಲ್ಲಿ ಜೋಪಾನ. ಅದರಲ್ಲಿ ಮಾರ್ಕ್ ಟ್ರಿಮ್‌ನಿಂದ ಎಷ್ಟು ದೂರ ಅನ್ನುವ `Offset` ಡೀಫಾಲ್ಟ್ ಆಗಿ 2.117 ಮಿಲಿಮೀಟರ್. ಬ್ಲೀಡ್ 3 ಇದ್ದಾಗ ಮಾರ್ಕ್‌ನ ತುದಿ ಚಿತ್ರದ ಮೇಲೇ ಬೀಳುತ್ತದೆ. ಕಟಿಂಗ್ ಅಷ್ಟು ಹೊರಗೆ ಹೋದರೆ ಪುಸ್ತಕದ ಮೂಲೆಯಲ್ಲಿ ಸಣ್ಣ ಕಪ್ಪು ಗೀಟು ಉಳಿಯಬಹುದು. ಆ ದೂರವನ್ನು 3 ಅಥವಾ ಅದಕ್ಕಿಂತ ಜಾಸ್ತಿ ಇಟ್ಟರೆ ಮುಗಿಯಿತು. ಪುಟಗಳನ್ನು ಒಂದೊಂದಾಗಿ, 1ರಿಂದ 96ರ ಕ್ರಮದಲ್ಲೇ ಕೊಡಬೇಕು. ಎರಡೆರಡು ಪುಟ ಜೋಡಿಸಿ ಕೊಟ್ಟರೆ ಪ್ರೆಸ್‌ನವರು ಅದನ್ನು ಮತ್ತೆ ಬಿಡಿಸಬೇಕಾಗುತ್ತದೆ.

ಫೋಟೋಗಳ ಬಣ್ಣಕ್ಕೆ ಪ್ರೆಸ್‌ನವರು `ISOcoated_v2_300_eci.icc` ಪ್ರೊಫೈಲ್ ಬಳಸಿ ಅಂದರು. ಆರ್ಟ್ ಪೇಪರ್‌ಗೆ ಹೊಂದುವ ಪ್ರೊಫೈಲ್ ಅದು. ನಾಲ್ಕು ಇಂಕ್‌ನ ಮೊತ್ತ 300 ದಾಟದಂತೆ ನೋಡಿಕೊಳ್ಳುತ್ತದೆ. ಕಾಡಿನ ಫೋಟೋಗಳಲ್ಲಿ ನೆರಳು ತುಂಬ ಇರುವುದರಿಂದ ಈ ಮಿತಿ ಮುಖ್ಯ. ಇಂಕ್ ಜಾಸ್ತಿ ಆದರೆ ಒಣಗುವುದಿಲ್ಲ, ಅಟ್ಟಿಯಲ್ಲಿ ಮೇಲಿನ ಹಾಳೆಯ ಹಿಂಬದಿಗೆ ಅಂಟುತ್ತದೆ.

ಇಲ್ಲಿ ಮೇಷ್ಟ್ರಿಗೆ ಬೇಸರವಾದದ್ದು ಒಂದು ಫೋಟೋದಲ್ಲಿ ಮಾತ್ರ, ಮುತ್ತುಗದ ಹೂವಿನದು. ಪರದೆಯಲ್ಲಿ ಉರಿಯುವ ಕಿತ್ತಳೆ, ಬದಲಾಯಿಸಿದ ಮೇಲೆ ಇಟ್ಟಿಗೆ ಬಣ್ಣ. “ಮುತ್ತುಗ ಹೀಗಿರಲ್ಲಪ್ಪಾ,” ಅಂದರು. ಅವರ ಮಾತು ಸರಿಯೇ. ಕಕ್ಕೆ ಹೂವಿನ ಹಳದಿ ಮುದ್ರಣದಲ್ಲಿ ಚೆನ್ನಾಗೇ ಬರುತ್ತದೆ, ಯಾಕೆಂದರೆ ಹಳದಿ ಅನ್ನುವುದೇ ಒಂದು ಇಂಕ್. ಕಿತ್ತಳೆಯನ್ನು ಹಳದಿ, ಮೆಜೆಂಟಾ ಸೇರಿಸಿ ಮಾಡಬೇಕು. ಪರದೆಯ ಅಷ್ಟು ಹೊಳಪು ಆ ಎರಡು ಇಂಕ್‌ನಿಂದ ಬರುವುದಿಲ್ಲ. ಆದರೆ ಇಟ್ಟಿಗೆ ಬಣ್ಣಕ್ಕೆ ಇಳಿದದ್ದಕ್ಕೆ ಬೇರೆ ಕಾರಣ ಇತ್ತು. ಎಸಳಿನ ಮೇಲೆ ಸಂಖ್ಯೆ ನೋಡಿದರೆ ಸಯಾನ್ 9, ಮೆಜೆಂಟಾ 74, ಹಳದಿ 98. ಆ 9 ಸಯಾನ್ ಕಿತ್ತಳೆಯನ್ನು ಕೊಳೆ ಮಾಡುತ್ತಿತ್ತು. ಫೋಟೋಶಾಪ್‌ನಲ್ಲಿ ಎಸಳುಗಳನ್ನಷ್ಟೇ ಆರಿಸಿ, ಬೆಳಕು ಬಿದ್ದ ಭಾಗದಲ್ಲಿ ಸಯಾನ್ ಪೂರ್ತಿ ತೆಗೆದೆ. ಮಡಿಕೆಯ ನೆರಳಿನಲ್ಲಿ ಉಳಿಸಿದೆ. ಅಲ್ಲೂ ತೆಗೆದರೆ ಎಸಳಿನ ಆಕಾರವೇ ಚಪ್ಪಟೆ ಆಗುತ್ತದೆ. ಪರದೆಯ ಉರಿ ವಾಪಸ್ ಬರಲಿಲ್ಲ, ಆದರೆ ಈಗ ಅದು ಮುತ್ತುಗ ಅಂತ ಗುರುತು ಸಿಗುತ್ತದೆ. ಹೀಗೆ ತಿದ್ದಿದ ಫೋಟೋವನ್ನು ಸಿಎಂವೈಕೆ ಟಿಫ್ ಆಗಿ, ಅದೇ ಪ್ರೊಫೈಲ್ ಜೊತೆ ಉಳಿಸಬೇಕು. ಪ್ರೊಫೈಲ್ ಬೇರೆ ಆದರೆ ಪಿಡಿಎಫ್ ಮಾಡುವಾಗ ಮತ್ತೊಮ್ಮೆ ಬದಲಾವಣೆ ಆಗಿ ತೆಗೆದ ಸಯಾನ್ ತಿರುಗಿ ಬಂದು ಕೂರುತ್ತದೆ.

ಕವರ್ ಬೇರೆ ಫೈಲ್. ಬೆನ್ನಿನ ದಪ್ಪಕ್ಕೆ ಲೆಕ್ಕ ಸುಲಭ: ಮ್ಯಾಪ್‌ಲಿಥೋ 40 ಹಾಳೆ, ಆರ್ಟ್ ಪೇಪರ್ 8 ಹಾಳೆ, ಒಂದೊಂದು ಹಾಳೆ ಸುಮಾರು 0.1 ಮಿಲಿಮೀಟರ್. 4.8 ಆಯಿತು, 5 ಅಂತ ಇಟ್ಟೆವು. ಅಗಲ 140 + 5 + 140, ಬ್ಲೀಡ್ ಸೇರಿ 291. ಎತ್ತರ 221. ಹಿಂಬದಿಯಲ್ಲಿ ಕಡು ಹಸಿರಿನ ಮೇಲೆ ಬಿಳಿ ಅಕ್ಷರದಲ್ಲಿ ಪುಸ್ತಕದ ಪರಿಚಯ ಇತ್ತು. ಇದು ಒಳಪುಟದ ತೊಂದರೆಯೇ, ತಿರುಗಿ ನಿಂತಿದೆ ಅಷ್ಟೇ. ಹಸಿರು ನಾಲ್ಕು ಇಂಕ್‌ನಿಂದ ಆಗಿದ್ದರೆ, ಪ್ಲೇಟ್ ಸರಿದಾಗ ಬಿಳಿ ಒತ್ತುಗಳ ಒಳಗೆ ಇಂಕ್ ನುಗ್ಗುತ್ತದೆ. ಮೆಜೆಂಟಾ ಪೂರ್ತಿ ಬಿಟ್ಟು ಸಯಾನ್ 100, ಹಳದಿ 100, ಕಪ್ಪು 45ರಲ್ಲಿ ಹಸಿರು ಮಾಡಿದೆ. ಅಕ್ಷರವನ್ನು 9ರಿಂದ 11 ಪಾಯಿಂಟ್‌ಗೆ ಏರಿಸಿ, ದಪ್ಪ ತೂಕಕ್ಕೆ ಬದಲಾಯಿಸಿದೆ.

ಪ್ರೆಸ್‌ನವರು ಕೇಳಿದ್ದು ಪಿಡಿಎಫ್/ಎಕ್ಸ್-1ಎ. ಈ ಬಗೆಯ ಫೈಲ್‌ನಲ್ಲಿ ಆರ್‌ಜಿಬಿ ಇರುವಂತಿಲ್ಲ, ಫಾಂಟ್ ಎಲ್ಲ ಒಳಗೇ ಇರಬೇಕು, ಟ್ರಿಮ್‌ಬಾಕ್ಸ್ ಅಥವಾ ಅದರ ಬದಲಿಗೆ ಆರ್ಟ್‌ಬಾಕ್ಸ್ ಇರಲೇಬೇಕು. ಆದರೆ ನಾಲ್ಕು ಇಂಕ್‌ನ ಕಪ್ಪು ಅಕ್ಷರವನ್ನು ಅದು ತಡೆಯುವುದಿಲ್ಲ. ಅದೂ ಸಿಎಂವೈಕೆಯೇ ತಾನೆ. ಅದಕ್ಕೇ ಹೊಸ ಫೈಲ್ ಮೇಲೂ ಇಂಕ್ ಲೆಕ್ಕ ಓಡಿಸಿದೆ. ಈಗ ಕ್ರಾಪ್ ಮಾರ್ಕ್ ನಾಲ್ಕೂ ಇಂಕ್‌ನಲ್ಲಿ ಇರುವುದರಿಂದ ಅದು ಲೆಕ್ಕಕ್ಕೆ ಸೇರದ ಹಾಗೆ ಅದೇ ಕಮಾಂಡ್‌ನಲ್ಲಿ ಫೈಲ್ ಹೆಸರಿನ ಮುಂಚೆ `-dUseTrimBox` ಸೇರಿಸಿ, ಟ್ರಿಮ್ ಒಳಗಿನದನ್ನಷ್ಟೇ ಅಳೆದೆ. ಕಪ್ಪು ಪುಟಗಳಲ್ಲಿ ಹೀಗೆ ಬಂತು:

```
 0.00000  0.00000  0.00000  0.06187 CMYK OK
```

ಒಂದು ಕಡೆ ಬಿಟ್ಟು. 37ನೇ ಪುಟದಲ್ಲಿ ಮೊದಲ ಮೂರೂ ಸೊನ್ನೆ ಆಗಿರಲಿಲ್ಲ. ಅಲ್ಲಿ ಬೆಟ್ಟದ ಕೈನಕ್ಷೆ ಇತ್ತು, ಕಲರ್ ಸ್ಕ್ಯಾನ್ ಮಾಡಿದ ಜೆಪೆಗ್. ಕಣ್ಣಿಗೆ ಕಪ್ಪು ಬಿಳುಪು, ಒಳಗೆ ಆರ್‌ಜಿಬಿ. ಮೇಷ್ಟ್ರ ಹತ್ತಿರ ಮೂಲ ನಕ್ಷೆ ಇದ್ದದ್ದರಿಂದ ಅದನ್ನು 1200 ಪಿಪಿಐನಲ್ಲಿ, ಬರೀ ಕಪ್ಪು ಬಿಳುಪಿನ ಲೈನ್ ಆರ್ಟ್ ಆಗಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಗೆರೆಗಳೂ ಚೂಪಾದವು, ಲೆಕ್ಕವೂ ಸರಿಹೋಯಿತು.

ಬಣ್ಣದ ಪುಟಗಳಿಗೆ ಈ ಲೆಕ್ಕ ಸಾಲದು, ಅಲ್ಲಿ ನಾಲ್ಕೂ ಇಂಕ್ ಇರುವುದೇ ನ್ಯಾಯ. ಫೋಟೋ ಕೆಳಗಿನ ಗಿಡದ ಹೆಸರುಗಳು ಬರೀ ಕಪ್ಪಿನಲ್ಲಿವೆಯಾ ಅಂತ ನೋಡಲು ಅಕ್ರೊಬ್ಯಾಟ್ ಪ್ರೊನ `Output Preview` ತೆರೆದು ಕಪ್ಪಿನ ಟಿಕ್ ತೆಗೆಯಬೇಕು. ಹೆಸರು ಪೂರ್ತಿ ಮಾಯವಾದರೆ ಸರಿ. ಮಸುಕಾಗಿ ಉಳಿದರೆ ಉಳಿದ ಇಂಕ್‌ಗಳೂ ಅಲ್ಲಿವೆ. 16 ಪುಟದಲ್ಲೂ ಮಾಯವಾಯಿತು. ಟ್ರಿಮ್‌ಬಾಕ್ಸ್ 396.85 × 609.45, ಬ್ಲೀಡ್‌ಬಾಕ್ಸ್ 413.86 × 626.46. ವ್ಯತ್ಯಾಸ 17.01 ಪಾಯಿಂಟ್, ಅಂದರೆ ಎರಡು ಬದಿಗೆ ಸೇರಿ 6 ಮಿಲಿಮೀಟರ್. `pdffonts` ಕಮಾಂಡ್‌ನಲ್ಲಿ `emb` ಕಾಲಂನ ಕೆಳಗೆ ಎಲ್ಲ ಸಾಲಿನಲ್ಲೂ `yes` ಬಂತು.

ಪ್ರೆಸ್‌ಗೆ ಕೊಟ್ಟದ್ದು ಎರಡು ಪಿಡಿಎಫ್, ಒಳಪುಟಕ್ಕೆ ಒಂದು, ಕವರ್‌ಗೆ ಒಂದು. ಜೊತೆಗೆ ಪುಟ ಮಡಚಿ ಕಟ್ಟಿದ ಡಮ್ಮಿ. ಅದರ ಮೇಲೆ 49ರಿಂದ 64 ಬಣ್ಣ, ಉಳಿದದ್ದು ಕಪ್ಪು ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಒಳಪುಟಕ್ಕೆ 18 ಪ್ಲೇಟ್, ಕವರ್‌ಗೆ 4. ಬಣ್ಣದ ಫಾರಂ ಓಡುವಾಗ ಮೇಷ್ಟ್ರು ಮೆಷಿನ್ ಪಕ್ಕದಲ್ಲೇ ನಿಂತಿದ್ದರು. ಮೊದಲ ಹಾಳೆಗಳಲ್ಲಿ ಮೆಜೆಂಟಾ ಸ್ವಲ್ಪ ಸರಿದಿತ್ತು. ಲೂಪ್ ಅನ್ನುವ ಭೂತಗನ್ನಡಿ ಇಟ್ಟು ನೋಡಿದರೆ ಎಲೆಗಳ ಅಂಚಿನಲ್ಲಿ ಗುಲಾಬಿ ಕಂಡಿತು. ಕೆಳಗಿನ ಹೆಸರುಗಳಲ್ಲಿ ಒಂದು ಒತ್ತೂ ಕದಡಿರಲಿಲ್ಲ. ಮೆಷಿನ್‌ನವರು ಮೆಜೆಂಟಾ ಹೊಂದಿಸಿ ಓಡಿಸಿದರು.